ಬಿಟ್ಟ ಒಂದು ಬೆರಳು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಸೋಮವಾರದಿಂದ ಹಾಜರಾಗಬೇಕು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಸಮಾಧಾನದಿಂದ ಬರೆಯಬಹುದು, ಇಲ್ಲದಿದ್ದರೆ ಒಂದೊಂದು ಸಾಲಿಗೂ ಸುದ್ದಿ ಬಾಯಿಗೆ ಬಂದು ನಿಲ್ಲುತ್ತದೆ. ಬಸ್ಸಿನಿಂದ ಇಳಿದು ಮನೆ ಮುಟ್ಟುವಷ್ಟರಲ್ಲಿ ಬನಹಟ್ಟಿಯ ಹನ್ನೊಂದು ಮಂದಿಗೆ ಹೇಳಿದ್ದೆ. ಅವರಲ್ಲಿ ಇಬ್ಬರು ನನಗೆ ಪರಿಚಯದವರೇ ಅಲ್ಲ. ಒಬ್ಬ ಪಾಪ, ಚಪ್ಪಲಿ ಹೊಲಿಸಿಕೊಳ್ಳುತ್ತ ನಿಂತಿದ್ದ, ಓಡಿಹೋಗಲಿಕ್ಕೂ ಬರುವಂತಿರಲಿಲ್ಲ.

ನಾನು ಮೂರನೆಯ ಇಯತ್ತೆಯವರೆಗೆ ಸಾಲಿ ಕಲಿತವನು. ಮೂರನೆಯದನ್ನು ಎರಡು ಸಲ ಕಲಿತೆ, ಹೀಗಾಗಿ ಅದು ಗಟ್ಟಿಯಾಗಿದೆ. ಆಮೇಲೆ ಅಪ್ಪ ಮಗ್ಗದ ಮುಂದೆ ಕೂಡಿಸಿದ. ಕೈಮಗ್ಗ ನೇಯ್ದೆ, ಪವರ್‌ಲೂಮ್ ಬಂದ ಮೇಲೆ ಅದನ್ನೂ ನಡೆಸಿದೆ. ಈಗ ಮಗ ನಡೆಸುತ್ತಾನೆ, ನಾನು ಪಕ್ಕದಲ್ಲಿ ಕುಳಿತು ಅವನ ತಪ್ಪು ಹೇಳುತ್ತೇನೆ. ಬರೆಯುವುದೆಂದರೆ ನನಗೆ ಇತ್ತೀಚಿನ ಹುಚ್ಚು. ಅಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಈ ಬರಹವನ್ನು ಮಾತ್ರ ಅವಳಿಗೆ ತೋರಿಸುವುದಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ.

ಅವಳು ಬಿ.ಎಡ್. ಮುಗಿಸಿ ಎರಡು ಕಡೆ ಡೆಮೊ ಕೊಟ್ಟಿದ್ದಳು. ಡೆಮೊ ಎಂದರೆ, ಕೆಲಸ ಕೊಡುವ ಮೊದಲು ಸಂಸ್ಥೆಯವರು ಒಂದು ವರ್ಗದಲ್ಲಿ ಪಾಠ ಮಾಡಿಸಿ ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸಿದ ಹಾಗೆ. ಮೊದಲನೆಯ ಸಾಲಿಯವರು ಪಾಠ ಬಹಳ ಛಲೋ ಆಯಿತೆಂದು ಹೊಗಳಿ, ಕೆಲಸವನ್ನು ತಮ್ಮ ಬೀಗರ ಮಗಳಿಗೆ ಕೊಟ್ಟರು. ಎರಡನೆಯವರು ಧ್ವನಿ ಸಣ್ಣದು ಎಂದರು. ಗಣಿತಕ್ಕೆ ಧ್ವನಿ ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಎರಡು ಮತ್ತು ಎರಡು ಕೂಗಿ ಹೇಳಿದರೂ ನಾಲ್ಕೇ ತಾನೇ?

ಮೂರನೆಯದಕ್ಕೆ ಜಮಖಂಡಿಯಿಂದ ಕರೆ ಬಂದಾಗ ನನ್ನ ಮಗ ಊಟಕ್ಕೆ ಕುಳಿತಲ್ಲೇ ತೀರ್ಪು ಕೊಟ್ಟ.

"ಇದ ಕಡೀದು ನೋಡವಾ. ಇದೂ ಆಗ್ಲಿಲ್ಲಂದ್ರ ಮುಧೋಳದಾಗ ನಿಮ್ಮ ಸ್ವಾದರಮಾವನ ಅರಬಿ ಅಂಗಡ್ಯಾಗ ಕುಂದರು. ಅವರಿಗೂ ಒಬ್ಬರು ಮನಿ ಮಂದಿ ಬೇಕಾಗ್ಯಾರ."

ಅವಳು ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ಅವಳ ಮುಂದೆ ರೊಟ್ಟಿಯ ಚೂರುಗಳ ಸಣ್ಣ ಗುಡ್ಡೆಯಾಯಿತು. ಬಟ್ಟೆ ಅಂಗಡಿ ಕೆಟ್ಟದ್ದಲ್ಲ, ಬಟ್ಟೆಯ ಅನ್ನವನ್ನೇ ನಾವು ತಲೆಮಾರಿನಿಂದ ಉಂಡಿದ್ದೇವೆ. ಆದರೆ ಆ ಹುಡುಗಿ ಏಳನೆಯ ವರ್ಗದಲ್ಲಿದ್ದಾಗಿನಿಂದ ನಮ್ಮ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಲೆಕ್ಕ ಹೇಳಿಕೊಟ್ಟವಳು. ಅವಳಿಗೆ ಬೇರೆ ಯಾವುದರ ಆಸೆಯೂ ಇರಲಿಲ್ಲ.

ಪಾಠದ ವಿಷಯವನ್ನು ಸಂಸ್ಥೆಯವರೇ ಕೊಟ್ಟಿದ್ದರು: ತ್ರಿಕೋನದ ಒಳಗೆ ಮೂರೂ ಬಾಹುಗಳನ್ನು ಮುಟ್ಟುವಂತೆ ಒಂದು ವೃತ್ತ ಇದ್ದರೆ ಅದರ ತ್ರಿಜ್ಯ ಎಷ್ಟು? ತ್ರಿಕೋನದ ವಿಸ್ತೀರ್ಣವನ್ನು ಅದರ ಅರ್ಧ ಸುತ್ತಳತೆಯಿಂದ ಭಾಗಿಸಬೇಕು, ಅಷ್ಟೇ. ಈಗ ನಾನು ಎಷ್ಟು ಸಲೀಸಾಗಿ ಬರೆದೆ ನೋಡಿರಿ! ಆದರೆ ಆ ವಾರ ಈ ಒಂದು ಸಾಲು ನನ್ನ ತಲೆಗೆ ಇಳಿಯುವಷ್ಟರಲ್ಲಿ ಮನೆಯ ನೆಲವೆಲ್ಲ ಸೀಮೆಸುಣ್ಣವಾಗಿತ್ತು. ಯಾಕೆಂದರೆ ಅವಳು ತಾಲೀಮಿಗೆ ವಿದ್ಯಾರ್ಥಿಯನ್ನಾಗಿ ಆರಿಸಿಕೊಂಡದ್ದು ನನ್ನನ್ನು.

"ಮುತ್ಯಾ, ನಿನಗ ತಿಳೀತಂದ್ರ ಯಾರಿಗರೆ ತಿಳೀತೈತಿ," ಎಂದಳು.

ಇದನ್ನು ಹೊಗಳಿಕೆ ಎಂದು ತೆಗೆದುಕೊಂಡು ನಾನು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಅವಳು ನೆಲದ ಮೇಲೆ ಒಂದು ತ್ರಿಕೋನ ಬರೆದಳು. ಬಾಹುಗಳು ಮೂವತ್ತೊಂಬತ್ತು, ನಲವತ್ತೆರಡು, ನಲವತ್ತೈದು ಸೆಂಟಿಮೀಟರ್. ನಲವತ್ತೆರಡರ ಬಾಹುವನ್ನು ಪಾದ ಮಾಡಿದರೆ ಎತ್ತರ ಮೂವತ್ತಾರು. ವಿಸ್ತೀರ್ಣ, ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ, ಏಳುನೂರಾ ಐವತ್ತಾರು. ಇಷ್ಟು ಆಕೆ ಹೇಳಿ, ಇನ್ನು ನೀನು ತ್ರಿಜ್ಯ ತೆಗೆ ಎಂದಳು.

ನಾನು ಮೂರೂ ಬಾಹು ಕೂಡಿಸಿದೆ, ನೂರಾ ಇಪ್ಪತ್ತಾರು ಬಂತು. ಏಳುನೂರಾ ಐವತ್ತಾರನ್ನು ಅದರಿಂದ ಭಾಗಿಸಿದೆ. ಆರು ಬಂತು. ಸರಿಯಾಗಿ, ಶೇಷವಿಲ್ಲದೆ. ಶೇಷ ಉಳಿಯದ ಲೆಕ್ಕ ತಪ್ಪಿರುವುದಿಲ್ಲ ಎಂಬ ನಂಬಿಕೆ ನನ್ನದು, ಮೀಸೆ ತಿರುವಿದೆ.

ಅವಳು ಆರು ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆದು ತೋರಿಸಿದಳು. ಅಷ್ಟು ದೊಡ್ಡ ತ್ರಿಕೋನದ ನಡುವೆ ಅದು ಅಂಗಳದಲ್ಲಿ ಬಿದ್ದ ಬೋಗುಣಿಯ ಹಾಗೆ ಕಾಣಿಸಿತು. ಯಾವ ಬಾಹುವಿಗೂ ಮುಟ್ಟಲೊಲ್ಲದು.

"ಮುತ್ಯಾ, ಅರ್ಧ ಸುತ್ತಳತಿ ಅಂದಿದ್ನೆಲ್ಲ. ನೀ ಪೂರಾ ತಗೊಂಡಿ."

"ಅರ್ಧ ಯಾಕ? ಸೀರಿಗೆ ದಡಿ ಹಚ್ಚೂಮುಂದ ಅರ್ಧ ಕಡೆ ಹಚ್ಚಿ ಬಿಡ್ತಾರೇನು? ಸುತ್ತ ಅಂದ್ರ ಸುತ್ತ."

ಒಳಗಿನಿಂದ ನನ್ನ ಹೆಂಡತಿ ಕೂಗಿದಳು. "ನೀವು ಸುಮ್ಮ ಆಕಿ ಹೇಳಿದ್ದ ಕೇಳ್ರಿ. ಮೂರನೇತ್ತೆ ಮತ್ತೊಮ್ಮೆ ಕುಂದರಸ್ಯಾರು!"

ಮೊಮ್ಮಗಳು ನಗಲಿಲ್ಲ. ಅವಳ ದೊಡ್ಡ ಗುಣ ಅದು. ವೃತ್ತದ ಕೇಂದ್ರದಿಂದ ತ್ರಿಕೋನದ ಮೂರು ಮೂಲೆಗಳಿಗೆ ಮೂರು ಗೆರೆ ಎಳೆದಳು. ದೊಡ್ಡ ತ್ರಿಕೋನ ಮೂರು ತೆಳು ತ್ರಿಕೋನಗಳಾಗಿ ಒಡೆಯಿತು. ಒಂದೊಂದಕ್ಕೂ ದೊಡ್ಡದರ ಒಂದೊಂದು ಬಾಹುವೇ ಪಾದ. ಎತ್ತರ ಮಾತ್ರ ಮೂರಕ್ಕೂ ಒಂದೇ, ವೃತ್ತದ ತ್ರಿಜ್ಯ, ಯಾಕೆಂದರೆ ಕೇಂದ್ರದಿಂದ ಮೂರೂ ಬಾಹುಗಳು ಅಷ್ಟೇ ದೂರ. ಪಾದ ಮತ್ತು ಎತ್ತರದ ಗುಣಲಬ್ಧದಲ್ಲಿ ಅರ್ಧ ಒಂದು ತೆಳು ತ್ರಿಕೋನದ ವಿಸ್ತೀರ್ಣ. ಮೂರನ್ನೂ ಕೂಡಿಸಿದರೆ ಸುತ್ತಳತೆ ಮತ್ತು ತ್ರಿಜ್ಯದ ಗುಣಲಬ್ಧದಲ್ಲಿ ಅರ್ಧ. ಆ ಅರ್ಧ ಬರುವುದು ಅಲ್ಲಿಂದ.

ನಾನು ಬಹಳ ಹೊತ್ತು ನೆಲ ನೋಡಿದೆ. ಆಮೇಲೆ ತಿಳಿಯಿತು. ನನಗೆ ತಿಳಿಯುವುದು ಬಟ್ಟೆಯಾದಾಗ ಮಾತ್ರ.

"ಅಂದ್ರ ಹಿಂಗ ಹೌದಿಲ್ಲ? ಈ ಮೂರು ಮೂಲಿ ಬಟ್ಟಿ ಬಿಚ್ಚಿ ಹಿಂದಮುಂದ ಜೋಡಿಸಿದ್ರ, ಸುತ್ತಳತಿ ಅರ್ಧ, ಅರವತ್ಮೂರು ಉದ್ದ, ತ್ರಿಜ್ಯದಷ್ಟ ಅಗಲ, ಒಂದು ನೆಟ್ಟನ್ನ ಪಟ್ಟಿ ಬಟ್ಟಿ ಆಕೈತಿ. ಉದ್ದ ಗೊತ್ತೈತಿ, ಬಟ್ಟಿ ಎಷ್ಟೈತಿ ಗೊತ್ತೈತಿ. ಭಾಗಿಸಿದ್ರ ಅಗಲ ಬರ್ತೈತಿ. ಹನ್ನೆರಡು."

ಅವಳು ಸೀಮೆಸುಣ್ಣ ಕೆಳಗಿಟ್ಟಳು. "ಮುತ್ಯಾ, ಇದನ್ನ ನಾ ಪಾಠದಾಗ ಹೇಳ್ತೇನಿ."

ಅವತ್ತು ನಾನು ಎರಡು ಸಲ ಚಹಾ ಕುಡಿದೆ, ಎರಡೂ ಸಲ ಬಟ್ಟಲು ಹಿಡಿದು ಓಣಿಯ ಕಟ್ಟೆಯ ಮೇಲೆಯೇ ಕುಡಿದೆ. ಯಾರಾದರೂ ಕೇಳಲಿ ಎಂದು. ಯಾರೂ ಕೇಳಲಿಲ್ಲ.

ಹಿಂದಿನ ಬೆಂಚಿಗೂ ಕಾಣುವಂತೆ ಏನಾದರೂ ತೋರಿಸಬೇಕು, ಕಾಗದ ಹಿಡಿದರೆ ಮಡಚಿ ಬೀಳುತ್ತದೆ ಎಂದು ಅವಳು ಚಿಂತಿಸಿದಳು. ನೇಕಾರರ ಮನೆಯಲ್ಲಿ ಇಂಥ ಚಿಂತೆ! ನಾನು ಕೆಂಪು ಬಟ್ಟೆಯ ತುಂಡೊಂದಕ್ಕೂ ಹಳದಿಯದೊಂದಕ್ಕೂ ಗಂಜಿ ಕುಡಿಸಿ ಹಲಗೆಯ ಹಾಗೆ ಬಿರುಸು ಮಾಡಿದೆ. ಅವಳು ಕಾಗದದಲ್ಲಿ ಅಳತೆ ಕತ್ತರಿಸಿ ಕೊಟ್ಟಳು, ಮೂವತ್ತೊಂಬತ್ತು-ನಲವತ್ತೆರಡು-ನಲವತ್ತೈದರ ತ್ರಿಕೋನ, ಹನ್ನೆರಡು ತ್ರಿಜ್ಯದ ವೃತ್ತ. ಬಟ್ಟೆ ಒಣಗಿ ಕೈಗೆ ಬಂದದ್ದು ಡೆಮೊ ದಿನದ ಬೆಳಿಗ್ಗೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಕಾಗದ ಇಟ್ಟು ಕತ್ತರಿಸಿದೆ. ಕೆಂಪು ತ್ರಿಕೋನ, ಹಳದಿ ವೃತ್ತ. ಸೊಸೆಯ ಕೈಯಲ್ಲಿ ಕೊಟ್ಟೆ, ಅವಳು ಇಸ್ತ್ರಿ ಮಾಡಿ ಮಗಳ ಚೀಲಕ್ಕೆ ಹಾಕಿದಳು. ಬಸ್ಸಿನ ಹೊತ್ತಾಗಿತ್ತು.

ಧ್ವನಿ ಸಣ್ಣದಾದರೆ ಜೊತೆಗೆ ಒಬ್ಬ ದೊಡ್ಡ ಧ್ವನಿಯವನಾದರೂ ಇರಲಿ ಎಂದು ನಾನೂ ಹೊರಟೆ. ಒಗೆದ ಧೋತರ, ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಹೆಗಲಿಗೆ ಮಡಚಿದ ಶಲ್ಯ. ಈ ವೇಷವೇ ಮುಂದಿನ ಗೊಂದಲಕ್ಕೆ ಕಾರಣ. ಸಾಲಿಯ ಅಂಗಳದಲ್ಲಿ ಮೊಮ್ಮಗಳು ಆಫೀಸಿಗೆ ಹೋದಳು, ನಾನು ಬೇವಿನ ಗಿಡದ ಕೆಳಗೆ ನಿಂತೆ. ಸಿಪಾಯಿ ಓಡುತ್ತ ಬಂದು, "ಸಾಹೇಬ್ರ, ಇಲ್ಲೇ ಯಾಕ ನಿಂತೀರಿ, ಒಳಗ ಬರ್ರಿ," ಎಂದು ವರ್ಗಕ್ಕೆ ಕರೆದುಕೊಂಡು ಹೋಗಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂಡಿಸಿದ. ಬಸಿಯ ಮೇಲೆ ಕಪ್ಪಿಟ್ಟು ಚಹಾ ಬಂತು. ಮೇಲಿನಿಂದ, ಶಿಕ್ಷಣ ಇಲಾಖೆಯ ಆಫೀಸಿನಿಂದ, ಯಾರೋ ನೋಡಲು ಬರುತ್ತಾರೆಂದು ಅವರಿಗೆ ಸುದ್ದಿಯಿತ್ತಂತೆ. ನಾನು ಬೇಡವೆನ್ನಲಿಲ್ಲ. ಸುಳ್ಳು ಹೇಳಲಿಲ್ಲ, ಚಹಾ ಕುಡಿದೆ.

ನನ್ನ ಎಡಕ್ಕೆ ಸಂಸ್ಥೆಯ ಅಧ್ಯಕ್ಷರು ಕುಳಿತರು, ಹಿಪ್ಪರಗಿ ಕಡೆ ಕಬ್ಬಿನ ಹೊಲ ಇರುವ ದೊಡ್ಡ ಕುಳ. ಬಲಕ್ಕೆ ನಿವೃತ್ತ ಗಣಿತ ಮಾಸ್ತರರು, ತೆಳ್ಳಗೆ, ದಪ್ಪ ಕನ್ನಡಕ. ಅಳೆಯುವವರು ಅವರೆಂದು ನೋಡಿದರೇ ತಿಳಿಯುತ್ತಿತ್ತು. ಅಧ್ಯಕ್ಷರು ನನ್ನ ಕಡೆ ಬಾಗಿ, "ಎಲ್ಲಿಂದ ಬಂದ್ರಿ?" ಎಂದರು.

"ಬನಹಟ್ಟಿಯಿಂದ್ರೀ."

"ಹಾಂ ಹಾಂ, ಅಲ್ಲೂ ಆಫೀಸೈತೆಲ್ಲ," ಎಂದು ತಮಗೆ ತಾವೇ ಸಮಾಧಾನ ಮಾಡಿಕೊಂಡರು.

ಪಾಠ ಶುರುವಾಯಿತು. ಅವಳು ಹಲಗೆಯ ಮೇಲೆ ತ್ರಿಕೋನ ಬರೆದು ಮೂರು ಅಳತೆ ಹಾಕಿದಳು. ಕೇಂದ್ರದಿಂದ ಮೂರು ಗೆರೆ ಎಳೆದಳು. ಧ್ವನಿ ಮೊದಲು ಸಣ್ಣದೇ ಇತ್ತು, ಆಮೇಲೆ ತಾನೇ ಏರಿತು. "ತ್ರಿಕೋನನ್ನ ಬಿಚ್ಚಿ ಒಂದು ಪಟ್ಟಿ ಬಟ್ಟಿ ಮಾಡೋಣ, ಅರ್ಧ ಸುತ್ತಳತಿ ಅದರ ಉದ್ದ, ತ್ರಿಜ್ಯ ಅದರ ಅಗಲ," ಎಂದಾಗ ನಾನು ಅಧ್ಯಕ್ಷರ ಕಡೆ ಹೊರಳಿ, "ಇದು ಭಾರೀ ಮಾತ್ರೀ," ಎಂದೆ. ಅವರು ಮೇಲಿನಿಂದ ಬಂದವರೇ ಹೇಳಿದರೆಂದು ತಲೆದೂಗಿದರು.

ಹಲಗೆಯ ಮೇಲೆ ತ್ರಿಜ್ಯ ಹನ್ನೆರಡು ಬಂತು. "ಈಗ ಖರೆ ಬಟ್ಟಿ ಮ್ಯಾಲೆ ನೋಡೋಣು," ಎಂದು ಚೀಲದಿಂದ ಕೆಂಪು ತ್ರಿಕೋನ ತೆಗೆದಳು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಯನ್ನು ಕರೆದು, ಕೈಗೆ ಟೇಪು ಕೊಟ್ಟು, ಎಲ್ಲಕ್ಕಿಂತ ಸಣ್ಣ ಬಾಹು ಅಳೆ ಎಂದಳು.

ಹುಡುಗಿ ಅಳೆದಳು. ಇನ್ನೊಮ್ಮೆ ಅಳೆದಳು. "ಟೀಚರ್, ಮೂವತ್ತೊಂಬತ್ತ ಇಲ್ರೀ. ನಲವತ್ತೈದೂವರಿ ಐತ್ರಿ."

ಹಿಂದಿನ ಬೆಂಚಿನಲ್ಲಿ ನಗು ಹಾರಿತು. ಮೊಮ್ಮಗಳು ತಾನೇ ಟೇಪು ತೆಗೆದುಕೊಂಡಳು. ನಲವತ್ತೈದೂವರೆ. ಮಾಸ್ತರರು ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು. ನನಗೆ ಆಗ ಮುಧೋಳದ ಅಂಗಡಿಯೇ ಕಣ್ಣಿಗೆ ಕಟ್ಟಿತು, ಅದರ ಗಾದಿ, ಅದರ ದುಡ್ಡಿನ ಗಲ್ಲೆ, ಗಾದಿಯ ಮೇಲೆ ಕುಳಿತ ನಮ್ಮ ಹುಡುಗಿ.

ತಪ್ಪು ಯಾರದೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಬಟ್ಟೆ ಕತ್ತರಿಸುವವನು ಅಳತೆಗೆ ಸರಿಯಾಗಿ ಎಂದಾದರೂ ಕತ್ತರಿಸುತ್ತಾನೆಯೇ? ಅಂಚು ಮಡಚಿ ಹೊಲಿಯಲು ಸುತ್ತ ಜಾಗ ಬಿಡಬೇಕು, ಇಲ್ಲದಿದ್ದರೆ ಎಳೆ ಬಿಚ್ಚಿ ಉದುರುತ್ತದೆ. ನಾನು ಕಾಗದದ ಸುತ್ತ ಒಂದೊಂದು ಬೆರಳು, ಎಂದರೆ ಎರಡೆರಡು ಸೆಂಟಿಮೀಟರ್, ಬಿಟ್ಟು ಗೆರೆ ಎಳೆದು ಕತ್ತರಿಸಿದ್ದೆ. ವೃತ್ತಕ್ಕೂ ಅಷ್ಟೇ. ಇದನ್ನು ಹೇಳಬೇಕೆಂದು ಹೊಳೆಯಲೂ ಇಲ್ಲ. ಉಸಿರಾಡಿದೆ ಎಂದು ಯಾರಾದರೂ ಹೇಳುತ್ತಾರೆಯೇ? ಸೊಸೆ ಮಡಚಿ ಹೊಲಿಯುತ್ತಾಳೆಂದು ನಾನು ತಿಳಿದಿದ್ದೆ. ಮಾವ ಅಳತೆಗೆ ಕತ್ತರಿಸಿದ್ದಾರೆಂದು ಸೊಸೆ ತಿಳಿದಿದ್ದಳು.

ಕೂಗಿ ಹೇಳುವಂತಿಲ್ಲ. ನಾನು ತೋರುಬೆರಳು ಎತ್ತಿ ಹಿಡಿದೆ, ಒಂದು ಬೆರಳು, ಒಂದು ಬೆರಳು ಬಿಟ್ಟೇನಿ ಎಂದು. ಮೊಮ್ಮಗಳು ನೋಡಿದಳು. ಅಧ್ಯಕ್ಷರೂ ನೋಡಿದರು. ಸಾಲಿಯಲ್ಲಿ ಒಂದು ಬೆರಳು ಎತ್ತಿದರೆ ಏನರ್ಥ ಎಂಬುದು ಅವರಿಗೂ ಗೊತ್ತಲ್ಲ!

"ಹೊರಗ ಹೋಗಿ ಎಡಕ ಹೊಳ್ರಿ," ಎಂದು ಪಿಸುಗುಟ್ಟಿದರು. "ಸಿಪಾಯಿನ್ನ ಜೋಡಿ ಕೊಡ್ಲೇನು?"

"ಬ್ಯಾಡ್ರಿ, ತಡೀತೈತ್ರಿ," ಎಂದೆ. ಇನ್ನೇನು ಹೇಳಲಿ? ಕೈ ಇಳಿಸಿ, ಧೋತರದ ಅಂಚು ಹಿಡಿದು ಒಂದು ಬೆರಳಿನಷ್ಟು ಮಡಚಿ ತೋರಿಸಿದೆ. ಅಧ್ಯಕ್ಷರು ಕುರ್ಚಿಯನ್ನು ಸ್ವಲ್ಪ ಆ ಕಡೆ ಸರಿಸಿಕೊಂಡರು.

ಆದರೆ ಅವಳು ನೇಕಾರರ ಮನೆಯ ಹುಡುಗಿ. ಅವಳಿಗೆ ಅರ್ಥವಾಯಿತು. ಕೆಂಪು ಬಟ್ಟೆಯ ಅಂಚನ್ನು ಒಮ್ಮೆ ಬೆರಳಿನಿಂದ ಸವರಿದಳು, ಉಸಿರು ತೆಗೆದುಕೊಂಡಳು, ವರ್ಗದ ಕಡೆ ಹೊರಳಿದಳು.

"ಹೌದು, ಹಲಗಿ ಮ್ಯಾಲಿನ ಅಳತಿ ಈ ಬಟ್ಟೀದಲ್ಲ. ತಪ್ಪು ನಂದು, ನಾ ಅಳೀದ ತಂದೇನಿ. ಆದ್ರ ಸೂತ್ರ ಒಂದ ಬಟ್ಟಿಗಂತ ಹುಟ್ಟಿಲ್ಲ. ಹಲಗಿ ಹಂಗ ಇರ್ಲಿ. ಈ ಬಟ್ಟಿ ಏನ ಹೇಳ್ತೈತಿ ಕೇಳೋಣು. ಉಳಿದೆರಡೂ ಬಾಹು ಅಳಿ."

ಎರಡು ಜಡೆಯವಳು ಅಳೆದಳು. ನಲವತ್ತೊಂಬತ್ತು, ಐವತ್ತೆರಡೂವರೆ. ಮೂರೂ ಕೂಡಿ ನೂರಾ ನಲವತ್ತೇಳು. ಅರ್ಧ ಎಷ್ಟೆಂದು ವರ್ಗವೇ ಕೂಗಿತು, ಎಪ್ಪತ್ಮೂರೂವರೆ. ಎತ್ತರ ಬೇಕಲ್ಲ? ಅವಳು ನಲವತ್ತೊಂಬತ್ತರ ಬಾಹುವನ್ನು ಅದರ ಮೇಲೆಯೇ ಮಡಚಿ, ಮಡಿಕೆ ಎದುರಿನ ಮೂಲೆಗೆ ಸರಿಯಾಗಿ ಹೋಗುವಂತೆ ಒತ್ತಿದಳು. ಮಡಿಕೆಯ ಗೆರೆಯೇ ಎತ್ತರ. ಅಳೆದರೆ ನಲವತ್ತೆರಡು. ನಲವತ್ತೊಂಬತ್ತನ್ನು ನಲವತ್ತೆರಡರಿಂದ ಗುಣಿಸಿ ಅರ್ಧ ಮಾಡಿದರೆ ಒಂದು ಸಾವಿರದ ಇಪ್ಪತ್ತೊಂಬತ್ತು. ಅದನ್ನು ಎಪ್ಪತ್ಮೂರೂವರೆಯಿಂದ ಭಾಗಿಸಲು ಮಕ್ಕಳು ತಲೆ ತಗ್ಗಿಸಿದರು. ನಾನೂ ಅಂಗೈ ಮೇಲೆ ಬೆರಳಾಡಿಸಿದೆ, ನನ್ನದು ಮುಗಿಯಲಿಲ್ಲ.

"ಹದಿನಾಲ್ಕ್ರೀ ಟೀಚರ್!"

"ಹಂಗಾರ ಈ ವೃತ್ತ ಅಳಿ."

ಹುಡುಗಿ ಹಳದಿ ವೃತ್ತದ ನಡುವಿನಿಂದ ಟೇಪು ಹಿಡಿದಳು. ಅಡ್ಡಗಲ ಇಪ್ಪತ್ತೆಂಟು. ಅರ್ಧ ಹದಿನಾಲ್ಕು. ಮೊಮ್ಮಗಳು ಕೆಂಪು ತ್ರಿಕೋನವನ್ನು ಮೇಜಿನ ಮೇಲೆ ಹಾಸಿ ಹಳದಿಯನ್ನು ಇಟ್ಟಳು. ಮಕ್ಕಳೆಲ್ಲ ಎದ್ದು ಮುಂದೆ ಬಂದು ಮುತ್ತಿದರು. ಮೂರೂ ಕಡೆ ಮುಟ್ಟಿತ್ತು, ಒಂದು ಎಳೆಯಷ್ಟೂ ಹೊರಗಿಲ್ಲ, ಒಳಗಿಲ್ಲ. ಕತ್ತರಿಯ ಕೈ ನನ್ನದು ಎಂದು ಹೇಳಬೇಕೆಂದು ಗಂಟಲವರೆಗೆ ಬಂತು.

ಆಗ ಮಾಸ್ತರರು ಬಾಯಿ ಬಿಟ್ಟರು.

"ಒಂದು ಮಾತ ಕೇಳ್ತೇನಿ ನೋಡ್ರಿ. ಹಲಗಿಯ ತ್ರಿಕೋನಕ್ಕಿಂತ ಇದರ ಬಾಹು ಒಂದು ಆರೂವರಿ ಹೆಚ್ಚಾತು, ಒಂದು ಏಳು, ಒಂದು ಏಳೂವರಿ. ತ್ರಿಜ್ಯ ಮಾತ್ರ ಬರೇ ಎರಡ ಹೆಚ್ಚಾತು. ಯಾಕ?"

ನಾನು ಕಣ್ಣು ಮುಚ್ಚಿದೆ. ನಿಜವಾಗಿ ಹೇಳುತ್ತೇನೆ, ಮಗ ಹುಟ್ಟಿದ ದಿನವೂ ನಾನು ಇಷ್ಟು ಹೆದರಿರಲಿಲ್ಲ.

"ಸರ್, ಬಟ್ಟಿ ಕತ್ತರಿಸಿದವ್ರು ಅಂಚು ಮಡಚಾಕಂತ ಮೂರೂ ಕಡೆ ಸಮ ಎರಡು ಸೆಂಟಿಮೀಟರ್ ಬಿಟ್ಟಾರ್ರೀ. ಸಮ ಬಿಟ್ಟಿದ್ದಕ್ಕ ಕೇಂದ್ರ ಅಲ್ಲೇ ಉಳೀತು. ಅಲ್ಲಿಂದ ನೋಡಿದ್ರ ಮೂರೂ ಬಾಹು ಎರಡೆರಡ ದೂರ ಸರದಾವ, ಅದಕ್ಕ ತ್ರಿಜ್ಯ ಎರಡ ಏರಿತು. ಮೂಲಿಯ ಕೋನ ಬದಲಾಗಿಲ್ಲ, ಹಿಂಗಾಗಿ ಆಕಾರ ಅದ, ಅಳತಿ ದೊಡ್ಡದು. ತ್ರಿಜ್ಯ ಹನ್ನೆರಡಿದ್ದದ್ದು ಹದಿನಾಲ್ಕು, ಅಂದ್ರ ಆರಕ್ಕೆ ಏಳು. ಬಾಹುಗಳೂ ಆರಕ್ಕೆ ಏಳರಂಗ ಬೆಳದಾವ. ದೊಡ್ಡ ಬಾಹು ಹೆಚ್ಚು, ಸಣ್ಣದು ಕಡಿಮಿ."

ಮಾಸ್ತರರ ತುಟಿ ಆಡುತ್ತಿದ್ದವು, ಲೆಕ್ಕ ಹಾಕುತ್ತಿದ್ದರೆಂದು ತೋರುತ್ತದೆ. "ಇದನ್ನ ಬೇಕಂತ ಮಾಡ್ಕೊಂಡ ಬಂದಿದ್ರ್ಯಾ?"

ಹೌದೆನ್ನು, ಹೌದೆನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಅಕ್ಷರಕ್ಕೆ ಏನು ಖರ್ಚು? ಈ ಬರಹವನ್ನು ಅವಳಿಗೆ ತೋರಿಸದಿರುವುದು ಈ ಒಂದು ಸಾಲಿಗಾಗಿಯೇ.

"ಇಲ್ರೀ ಸರ್. ಕತ್ತರಿಸಿದವ್ರು ಹೇಳ್ಲಿಲ್ಲ, ನಾ ನೋಡ್ಲಿಲ್ಲ. ಇಲ್ಲೇ ಗೊತ್ತಾತು."

"ಕತ್ತರಿಸಿದವ್ರು ಯಾರು?"

ಅವಳು ನನ್ನ ಕಡೆ ನೋಡಿದಳು. ನಲವತ್ತು ಮಕ್ಕಳು ಹೊರಳಿ ನೋಡಿದರು. ಅಧ್ಯಕ್ಷರು ನನ್ನನ್ನು ನೋಡಿದರು, ನಾನು ಕುಡಿದಿಟ್ಟ ಕಪ್ಪನ್ನು ನೋಡಿದರು.

"ನೀವು... ಆಫೀಸಿನವ್ರಲ್ಲೇನು?"

"ಅಲ್ರೀ. ಆಕಿ ಮುತ್ಯಾರಿ. ಮಗ್ಗದವ್ರಿ."

ಮಾಸ್ತರರು ನಕ್ಕುಬಿಟ್ಟರು. ಹಲ್ಲು ಮೂರೋ ನಾಲ್ಕೋ ಇದ್ದವು, ಎಲ್ಲವೂ ಕಂಡವು. ಅಧ್ಯಕ್ಷರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ, ಅದಕ್ಕೆ ಎರಡನ್ನೂ ಅರ್ಧರ್ಧ ಮಾಡಿದರು.

ನಮ್ಮನ್ನು ಆಫೀಸಿನ ಹೊರಗೆ ಕೂಡಿಸಿದರು. ಬಾಗಿಲು ಹಾಕಿತ್ತು, ಆದರೆ ಕಬ್ಬಿನ ಹೊಲದ ಧ್ವನಿಗೆ ಬಾಗಿಲು ಯಾವ ಲೆಕ್ಕ?

"ನನಗಂತೂ ಅರ್ಧ ತಿಳೀಲಿಲ್ರೀ ಮಾಸ್ತರ," ಎನ್ನುತ್ತಿದ್ದರು ಅಧ್ಯಕ್ಷರು. "ಅಳತಿ ತಪ್ಪಿದ ಬಟ್ಟಿ ತಂದಾಳ, ಇಂಥವ್ರನ್ನ ತಗೊಳ್ಳೋದೇನು?"

ಮಾಸ್ತರರ ಧ್ವನಿ ಮೆತ್ತಗಿತ್ತು, ಕಿವಿ ಕೊಟ್ಟು ಕೇಳಬೇಕಾಯಿತು. "ಮೂವತ್ತ ವರ್ಷ ಈ ಸೂತ್ರ ಕಲಿಸಿದೆ. ನನ್ನ ಉದಾಹರಣಿ ಎಂದೂ ತಪ್ಪಲಿಲ್ಲ, ಹುಡುಗ್ರು ಎಂದೂ ಎದ್ದು ಮುಂದ ಬರ್ಲಿಲ್ಲ. ತಪ್ಪಾದ ಮ್ಯಾಲೆ ಹಲಗಿ ಒರಸದ ನಿಂತ್ಲು. ನೀವು ಬ್ಯಾರೆ ಯಾರನ್ನರೆ ತಗೊಳ್ರಿ, ಆದ್ರ ನನ್ನ ಮತ್ತ ಡೆಮೊಕ್ಕ ಕರೀಬ್ಯಾಡ್ರಿ."

ಒಳಗೆ ಕುರ್ಚಿ ಸರಿದ ಸಪ್ಪಳ. ಸಿಪಾಯಿ ಬಂದು ಮೊಮ್ಮಗಳನ್ನು ಕರೆದ, ನನ್ನನ್ನು ಕರೆಯಲಿಲ್ಲ. ನನಗೆ ಈ ಸಲ ಚಹಾವನ್ನೂ ಕೇಳಲಿಲ್ಲ. ಅವಳು ಹೊರಬಂದಾಗ ಕೈಯಲ್ಲಿ ಒಂದು ಕಾಗದ.

"ಸೋಮವಾರ ಬರ್ರಿ ಅಂದ್ರು, ಮುತ್ಯಾ."

ನಾನು ಬೇವಿನ ಗಿಡದ ಕಟ್ಟೆ ಹಿಡಿದುಕೊಂಡೆ. ಅತ್ತೆನೆಂದು ಅವಳು ಮನೆಯಲ್ಲಿ ಹೇಳಿದ್ದಾಳೆ. ಅಳಲಿಲ್ಲ, ಟೊಪ್ಪಿಗೆಯಿಂದ ಮುಖ ಒರೆಸಿಕೊಂಡೆ, ಬಿಸಿಲಿತ್ತು.

ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಅವಳ ನಿಜವಾದ ಪಾಠ ಶುರುವಾಯಿತು.

"ಮುತ್ಯಾ, ನಿನ್ನ ಜೀವಕ ಒಂದ ಮಾತ ಹೇಳಾಕಾಗಲಿಲ್ಲೇನ? ಒಂದ ಬೆರಳ ಬಿಟ್ಟೇನಿ ಅಂತ?"

"ಬಟ್ಟಿ ಅಂದಮ್ಯಾಲೆ ಬಿಡ್ತಾರ ಯವ್ವಾ. ಕೇಳೋದೇನೈತಿ?"

"ಎದಿ ಒಡದ ಸಾಯ್ತಿದ್ನೆಲ್ಲ ನಾ!"

"ಸತ್ತಿಲ್ಲೆಲ್ಲ. ಕೆಲಸ ಸಿಕ್ತೆಲ್ಲ. ಬಿಡದಿದ್ರ ಆ ಮಾಸ್ತರ ಆ ಪ್ರಶ್ನಿ ಕೇಳ್ತಿದ್ರೇನು?"

ಅವಳು ಕಿಟಕಿಯ ಕಡೆ ಮುಖ ಮಾಡಿದಳು. ನಗು ತಡೆಯುತ್ತಿದ್ದಾಳೆಂದು ಭುಜ ಹೇಳಿತು. ನಾನು ಮುಂದಿನ ಸೀಟಿನವನಿಗೆ ಸುದ್ದಿ ಹೇಳಿದೆ. ಅವನು ರಬಕವಿಗೆ ಹೊರಟಿದ್ದ, ಲೋಕಾಪುರದ ಬೀಗರ ಸುದ್ದಿಯನ್ನು ತಿರುಗಿ ಹೇಳಿ ನನ್ನ ಬಾಯಿ ಮುಚ್ಚಿಸಿದ.

ಮನೆಯಲ್ಲಿ ಸುದ್ದಿ ಬಿದ್ದೊಡನೆ ಎಲ್ಲರೂ ಪಾಲು ಕೇಳತೊಡಗಿದರು. ಸೊಸೆ, "ನಾ ಹೊಲೀದ ಇಸ್ತ್ರಿ ಅಷ್ಟ ಮಾಡಿದ್ನೆಲ್ಲ ಮಾವಾರ, ಹೊಲದಿದ್ರ ಏನಾಗ್ತಿತ್ತು?" ಎಂದಳು. ಹೆಂಡತಿ ತಾನು ಕಟ್ಟಿಕೊಂಡ ಹರಕೆ ಹೇಳಿದಳು. ಮಗ ಮಗ್ಗ ನಿಲ್ಲಿಸಿ ಬಂದವನು, "ಕಡೀದು ಅಂತ ನಾ ಬಿಗಿಯಾಗಿ ಹೇಳಿದ್ದಕ್ಕ ಆತು," ಎಂದು ಎದೆ ಉಬ್ಬಿಸಿದ. ಆಮೇಲೆ ಮುಧೋಳದ ಮೈದುನನಿಗೆ ಫೋನು ಹಚ್ಚಿ, ಅಂಗಡಿಗೆ ಬೇರೆ ಯಾರನ್ನಾದರೂ ನೋಡಿಕೋ ಎಂದು ಬಹಳ ಗತ್ತಿನಿಂದ ಹೇಳಿದ. ಆ ಕಡೆಯವನು ನಿನ್ನೆಯೇ ನೋಡಿಕೊಂಡಿದ್ದನಂತೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ನಮ್ಮಲ್ಲಿ ಇದು ಅಪರೂಪ, ಒಬ್ಬರು ಮಗ್ಗದ ಮುಂದೆ ಇದ್ದೇ ಇರುತ್ತಾರೆ. ಅವತ್ತು ಮಗ್ಗ ಸುಮ್ಮನಿತ್ತು, ಅದರ ಸಪ್ಪಳವಿಲ್ಲದೆ ಮಾತೆಲ್ಲ ದೊಡ್ಡದಾಗಿ ಕೇಳಿಸುತ್ತಿತ್ತು. ಹೆಂಡತಿ ಅವಸರದಲ್ಲಿ ಗೋಧಿ ರವೆಯ ಸಜ್ಜಕ ಮಾಡಿದ್ದಳು, ಬೆಲ್ಲ ಕೈ ಮೀರಿ ಬಿದ್ದಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೊಮ್ಮಗಳು ಮೂರು ರೊಟ್ಟಿ ತಿಂದಳು, ಚೂರೂ ಬಿಡಲಿಲ್ಲ. ನಾಲ್ಕನೆಯದನ್ನು ಅವಳ ತಾಯಿ ತಟ್ಟೆಗೆ ಹಾಕಿದಾಗ ಬೇಡವೆನ್ನಲಿಲ್ಲ.

"ಸಜ್ಜಕ ಇನ್ನೊಂದ ಸ್ವಲ್ಪ ಹಾಕ ಆಯಿ," ಎಂದಳು.

"ಹಾಕ್ತೇನಿ ಬಾ ಟೀಚರ," ಎಂದು ನನ್ನ ಹೆಂಡತಿ ಅವಳ ಬಟ್ಟಲು ತುಂಬಿಸಿ, ನನ್ನ ಬಟ್ಟಲಿಗೂ ಹಾಕಿ, ಹಾಲು ಹೊಯ್ದಳು. ನನ್ನ ಸಕ್ಕರೆ ಕಾಯಿಲೆಯ ಮಾತು ಅವತ್ತು ಯಾರೂ ಎತ್ತಲಿಲ್ಲ. ನಾವು ಉಂಡೆವು.